‘12 ಬೈ 18’ ಅಂದ್ರೆ ನಿಜವಾಗಿ ಎಷ್ಟು?

ನಮಸ್ಕಾರ. ಟಿವಿ ಡಬ್ಬದ ಮೇಲೆ ‘108 ಸೆಂ.ಮೀ. (43 ಇಂಚು)’ ಅಂತ ಬರೆದಿರುವುದನ್ನು ನೋಡಿರುತ್ತೀರಿ. ಈಗಲೇ ಮೊಬೈಲ್ ತೆಗೆದು 43ನ್ನು 2.54ರಿಂದ ಗುಣಿಸಿ ನೋಡಿ. 109.22 ಬರುತ್ತದೆ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ. 108 ಸೆಂಟಿಮೀಟರ್ ಅಂದರೆ ಸುಮಾರು ನಲವತ್ತೆರಡೂವರೆ ಇಂಚು ಅಷ್ಟೇ. ಇಲ್ಲಿ ಸೆಂಟಿಮೀಟರ್ ಅಳತೆ, ಇಂಚು ಬರೀ ಸೈಜಿನ ಹೆಸರು.

ಮೈಸೂರಿನ ಬೀಟೆ ಮರದ ಇನ್ಲೇ ಚಿತ್ರಗಳನ್ನು ಆನ್‌ಲೈನಲ್ಲಿ ಮಾರುವ ನಮ್ಮಂಥವರೂ ಇದನ್ನೇ ಮಾಡುತ್ತೇವೆ. ಒಂದೇ ವ್ಯತ್ಯಾಸ, ನಾವು ಹೆಸರನ್ನೇ ಅಳತೆ ಅಂತ ಬರೆದುಬಿಡುತ್ತೇವೆ. ಕಾರ್ಖಾನೆಯಲ್ಲಿ ‘12 ಬೈ 18’ ಅಂದರೆ ಎಲ್ಲರಿಗೂ ಗೊತ್ತು. ಆದರೆ ಅದು ಫ್ರೇಮ್ ಬಿಟ್ಟಾ, ಫ್ರೇಮ್ ಸೇರಿಸಿಯಾ? ಮೆರುಗು ಕೊಡುವ ಮುಂಚೆ ಅಂಚು ಉಜ್ಜಿದಾಗ ಹೋದ ಮರದ ಲೆಕ್ಕ ಎಲ್ಲಿ? ಮಂಡಿ ಮೊಹಲ್ಲಾದಲ್ಲಿ ಕೂತು ಕೆಲಸ ಮಾಡುವವರಿಗೆ ಈ ಪ್ರಶ್ನೆ ಬೇಕಿಲ್ಲ, ವಸ್ತು ಕಣ್ಣೆದುರಿಗೇ ಇರುತ್ತದೆ. ಬರ್ಲಿನ್ನಿನಲ್ಲಿ ಮೊಳೆ ಹೊಡೆಯಲು ಕಾಯುತ್ತಿರುವವರಿಗೆ ಬೇಕು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸಿದ್ಧವಾದ ವಸ್ತುವನ್ನು ಸೆಂಟಿಮೀಟರಿನಲ್ಲಿ ಒಮ್ಮೆ ಅಳೆಯಿರಿ, ಗ್ರಾಮಿನಲ್ಲಿ ಒಮ್ಮೆ ತೂಗಿ. ಉಳಿದ ಎಲ್ಲ ಸಂಖ್ಯೆಗಳೂ ಆ ಅಳತೆಯಿಂದಲೇ ಹುಟ್ಟಬೇಕು. ಬದಲಾದ ಸಂಖ್ಯೆಯನ್ನು ಮತ್ತೆ ಬದಲಾಯಿಸಬಾರದು.

ಬದಲಾಯಿಸಿದರೆ ಏನಾಗುತ್ತದೆ? 12 ಇಂಚು ಅಂದರೆ 30.48 ಸೆಂ.ಮೀ. ‘ಮೂವತ್ತು ಹಾಕಿಬಿಡು’ ಅನ್ನುತ್ತಾರೆ. 18 ಇಂಚು ಅಂದರೆ 45.72, ಅದು 46 ಆಗುತ್ತದೆ. ಈಗ ಬೇರೆ ಯಾರೋ, ಅಥವಾ ಮಾರಾಟದ ತಾಣವೇ, ಅದನ್ನು ಮತ್ತೆ ಇಂಚಿಗೆ ತಿರುಗಿಸಿ 11.8 ಮತ್ತು 18.1 ಅಂತ ತೋರಿಸುತ್ತದೆ. ಮರ ಒಂದು ಕಡೆ ಕುಗ್ಗಿತು, ಇನ್ನೊಂದು ಕಡೆ ಬೆಳೆಯಿತು! ಕೆಲವರು 2.54 ಬಿಟ್ಟು ಸುಮ್ನೆ 2.5ರಿಂದ ಗುಣಿಸುತ್ತಾರೆ. ಆಗ 18 ಇಂಚು 45 ಸೆಂ.ಮೀ. ಆಗುತ್ತದೆ, ಏಳು ಮಿಲಿಮೀಟರ್ ಮಾಯ.

ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ಜಂಬೂ ಸವಾರಿಯ ಚಿತ್ರ, ಫ್ರೇಮ್ ಸಮೇತ. ಹೆಸರು ‘12 ಬೈ 18’. ಟೇಪು ಹಿಡಿದರೆ ಹೊರ ಅಂಚಿನಿಂದ ಹೊರ ಅಂಚಿಗೆ ಅಗಲ 49.3, ಎತ್ತರ 34.1, ದಪ್ಪ 2.2 ಸೆಂಟಿಮೀಟರ್. ತೂಕ 1450 ಗ್ರಾಂ.

ಮೊದಲು ಯಾವುದು ಅಗಲ, ಯಾವುದು ಎತ್ತರ ಅಂತ ಹೇಳಬೇಕು. ಮೆರವಣಿಗೆ ಅಡ್ಡಕ್ಕೆ ಸಾಗುತ್ತದೆ, ಹಾಗಾಗಿ ಚಿತ್ರವೂ ಅಡ್ಡ. ‘34 × 49’ ಅಂತ ಬಿಟ್ಟರೆ ಒಬ್ಬರು ಮೊದಲ ಸಂಖ್ಯೆಯನ್ನು ಅಗಲ ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಎತ್ತರ ಅಂದುಕೊಳ್ಳುತ್ತಾರೆ. ಫೋಟೊ ನೋಡಿದರೆ ಗೊತ್ತಾಗುವುದಿಲ್ವಾ ಅಂತ ನೀವು ಕೇಳಬಹುದು. ಅಡ್ಡಚಿತ್ರಕ್ಕೆ ಗೊತ್ತಾಗುತ್ತದೆ. ಹೆಚ್ಚುಕಡಿಮೆ ಚೌಕವಾಗಿರುವ ತಟ್ಟೆಗೆ ಗೊತ್ತಾಗುವುದಿಲ್ಲ. ಅಕ್ಷರ ಹಾಕಿಬಿಡಿ, ತಕರಾರು ಮುಗಿಯಿತು.

ಈಗ ಇಂಚು. 49.3ನ್ನು 2.54ರಿಂದ ಭಾಗಿಸಿದರೆ 19.409. 34.1ಕ್ಕೆ 13.425. ಇದನ್ನು ಹಾಗೇ ಬರೆದರೆ ನಾವೇನೋ ಲೇಸರ್ ಹಿಡಿದು ಅಳೆದವರ ಥರ ಕಾಣುತ್ತದೆ. ಕೈಯಲ್ಲಿ ಮಾಡಿದ ಕೆಲಸ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಎರಡು ಮೂರು ಮಿಲಿಮೀಟರ್ ಆಚೀಚೆ ಇದ್ದೇ ಇರುತ್ತದೆ. ಮೂರು ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ಇಂಚಿನ ಎಂಟನೇ ಒಂದು ಭಾಗ. ಅದಕ್ಕೇ ಎಂಟನೇ ಭಾಗದಲ್ಲಿ ಬರೆದರೆ ಸಾಕು, ಅದಕ್ಕಿಂತ ಸಣ್ಣದು ಸುಳ್ಳು ನಿಖರತೆ. ಅಮೆರಿಕದವರ ಟೇಪಿನಲ್ಲೂ ಗೆರೆಗಳು ಇರುವುದು ಹೀಗೇ ಭಾಗ ಭಾಗವಾಗಿ. 13.425 ಅಂತ ಗೆರೆ ಯಾವ ಟೇಪಿನಲ್ಲೂ ಇಲ್ಲ.

ಭಿನ್ನರಾಶಿಯಲ್ಲಿ ಬರೆಯಿರಿ ಅನ್ನಲು ಇನ್ನೊಂದು ಕಾರಣ ಇದೆ, ಇದು ನಮ್ಮದೇ ಅಭ್ಯಾಸ. ಐದು ಅಡಿ ಆರಂಗುಲ ಎತ್ತರದವರನ್ನು ನಾವು ‘5.6’ ಅಂತ ಬರೆಯುತ್ತೇವೆ, ಅಲ್ವಾ? ಲೆಕ್ಕದಲ್ಲಿ 5.6 ಅಡಿ ಅಂದರೆ ಐದು ಅಡಿ ಏಳು ಇಂಚು ಚಿಲ್ಲರೆ. ನಮ್ಮ ಚುಕ್ಕೆ ದಶಮಾಂಶದ್ದಲ್ಲ, ‘ಮತ್ತು’ ಅನ್ನುವ ಚುಕ್ಕೆ. ಪೌಂಡಿಗೂ ಇದೇ ಗತಿ. 1450 ಗ್ರಾಂ ಅಂದರೆ 3.2 ಪೌಂಡು. ಅದನ್ನು ಮೂರು ಪೌಂಡು ಎರಡು ಔನ್ಸ್ ಅಂತ ಓದುವವರಿದ್ದಾರೆ. ಪೌಂಡಿಗೆ ಹದಿನಾರು ಔನ್ಸ್, ಹಾಗಾಗಿ ನಿಜವಾದದ್ದು ಮೂರು ಪೌಂಡು ಮೂರು ಔನ್ಸ್. ಹಾಗೇ ಬಿಡಿಸಿ ಬರೆದುಬಿಡಿ.

ಗ್ರಾಮಿನಲ್ಲೂ ಒಂದು ಗುಂಡಿ ಇದೆ. ಜರ್ಮನಿಯವರಿಗೆ ಅಲ್ಪವಿರಾಮವೇ ದಶಮಾಂಶ, ಸಾವಿರಕ್ಕೆ ಚುಕ್ಕೆ. ನೀವು ‘1,450’ ಗ್ರಾಂ ಅಂತ ಹಾಕಿದರೆ ಅವರ ಕಣ್ಣಿಗೆ ಒಂದೂವರೆ ಗ್ರಾಂ ಆಸುಪಾಸು. ‘1.450’ ಕಿಲೋ ಅಂತ ಹಾಕಿದರೆ ಅದು ಒಂದೂವರೆ ಟನ್ ಹತ್ತಿರ. ಯಾರೂ ಅದನ್ನು ನಂಬುವುದಿಲ್ಲ, ಒಪ್ಪುತ್ತೇನೆ, ಆದರೆ ಅನುಮಾನ ಬಂದ ಗ್ರಾಹಕ ಮುಂದೆ ಹೋಗುತ್ತಾನೆ. ಚುಕ್ಕೆಯೂ ಬೇಡ, ಅಲ್ಪವಿರಾಮವೂ ಬೇಡ, 1450 ಅಂತ ಹಾಕಿ. ‘gms’ ಅನ್ನುವುದನ್ನೂ ಬಿಡಿ, `g` ಸಾಕು. ಕೊನೆಗೆ ಲಿಸ್ಟಿಂಗಿನಲ್ಲಿ ಹೀಗೆ ಬರುತ್ತದೆ:

```
With frame: W 49.3 × H 34.1 × D 2.2 cm
(19 3/8 × 13 3/8 × 7/8 in), ± 3 mm
Weight 1450 g (3 lb 3 oz), unpacked
```

‘12 ಬೈ 18’ ಎಲ್ಲಿ ಹೋಯಿತು? ಬೇಕಾದರೆ ಹೆಸರಿನ ಸಾಲಿನಲ್ಲಿ ಇರಲಿ, ಹುಡುಕುವವರು ಅದನ್ನೇ ಟೈಪ್ ಮಾಡುತ್ತಾರೆ. ಅಳತೆಯ ಸಾಲಿಗೆ ಮಾತ್ರ ಬರಬಾರದು.

‘ಅಮೆರಿಕದ ಗ್ರಾಹಕರೇ ಜಾಸ್ತಿ, ಇಂಚನ್ನೇ ಮೊದಲು ಹಾಕೋಣ’ ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಯಾವುದು ಮೊದಲು ಕಾಣಬೇಕು ಅನ್ನುವುದು ಬೇರೆ, ಯಾವುದನ್ನು ಅಳೆದೆವು ಅನ್ನುವುದು ಬೇರೆ. ಆದರೆ ಅದೇ ಚಿತ್ರವನ್ನು ಇಲ್ಲಿ ಮಾರುವುದಾದರೆ ಮೆಟ್ರಿಕ್ ಬಿಡುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ನಿಂತಿರುವುದೇ ಮೆಟ್ರಿಕ್ ಅಳತೆಯ ಮೇಲೆ.

ಪ್ಯಾಕಿಂಗಿನ ಅಳತೆಯನ್ನು ಇದರ ಹತ್ತಿರಕ್ಕೂ ಬಿಡಬೇಡಿ. ಇದೇ ಚಿತ್ರ ಥರ್ಮೊಕೋಲು, ರಟ್ಟು ಎಲ್ಲ ಸೇರಿ 57 × 42 × 9 ಸೆಂ.ಮೀ. ಪೆಟ್ಟಿಗೆಗೆ ಹೋಗುತ್ತದೆ ಅನ್ನಿ, ತೂಕ 2100 ಗ್ರಾಂ. ಕೊರಿಯರಿನವರು ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 4.3 ಕಿಲೋ ಆಯಿತು, ಹಣ ಕೇಳುವುದು ಅದಕ್ಕೆ. ಈಗ ನೋಡಿ, ಒಂದೇ ಚಿತ್ರಕ್ಕೆ ಮೂರು ತೂಕ. ಎಷ್ಟೋ ತಾಣಗಳಲ್ಲಿ ವಸ್ತುವಿಗೊಂದು, ಪೊಟ್ಟಣಕ್ಕೊಂದು ಅಂತ ಬೇರೆ ಬೇರೆ ಖಾನೆ ಇರುತ್ತದೆ. ಅವಸರದಲ್ಲಿ ಎರಡಕ್ಕೂ ಪೆಟ್ಟಿಗೆಯ ಸಂಖ್ಯೆ ತುಂಬಿದರೆ ಗ್ರಾಹಕ 57 ಸೆಂಟಿಮೀಟರಿನ ಚಿತ್ರ ಬರುತ್ತದೆ ಅಂತ ಗೋಡೆ ಖಾಲಿ ಮಾಡುತ್ತಾನೆ. ವಾಪಸು ಬಂದರೆ ಕೊರಿಯರಿಗೆ ಮತ್ತೆ 4.3 ಕಿಲೋ ಲೆಕ್ಕದಲ್ಲೇ ಕೊಡಬೇಕು.

ಎಕ್ಸೆಲ್ ಶೀಟಿನಲ್ಲಿ ಒಟ್ಟಿಗೆ ಅಪ್‌ಲೋಡ್ ಮಾಡುವವರಿಗೆ ಒಂದು ಮಾತು. ಖಾನೆಯಲ್ಲಿ `7/8` ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಮೊದಲೇ ಆ ಕಾಲಮ್ಮನ್ನು `Text` ಮಾಡಿಕೊಳ್ಳಿ. ಇಂಚಿಗೆ `"` ಗುರುತು ಹಾಕಬೇಡಿ, CSV ಫೈಲಿನಲ್ಲಿ ಅದಕ್ಕೆ ಬೇರೆ ಅರ್ಥ ಇರುವುದರಿಂದ ಸಾಲು ಮುರಿದು ಬೆಲೆ ಹೋಗಿ ಬಣ್ಣದ ಖಾನೆಯಲ್ಲಿ ಕೂರಬಹುದು. `in` ಅಂತ ಬರೆಯಿರಿ. ಅಪ್‌ಲೋಡ್ ಆದಮೇಲೆ ಒಂದು ಲಿಸ್ಟಿಂಗ್ ತೆರೆದು, ಟೇಪು ಹಿಡಿದು, ಪರದೆಯಲ್ಲಿ ಕಾಣುವ ಇಂಚನ್ನೇ ಚಿತ್ರದ ಮೇಲೆ ಅಳೆದು ನೋಡಿ.