ಆಲ್ಫಾ ಒಂದು ಹೇಳುತ್ತದೆ, ಶಾರ್ಪ್ ಇನ್ನೊಂದು

ಗೆಳೆಯರೇ, ಎರಡು ಮ್ಯೂಚುವಲ್ ಫಂಡ್‌ಗಳನ್ನು ಎದುರಿಗಿಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಕಟ್ಟಿದ್ದೇನೆ. ಕಳೆದ ಮೂರು ವರ್ಷಗಳಲ್ಲಿ ಸೂಚ್ಯಂಕ ವರ್ಷಕ್ಕೆ ಶೇ 14 ಗಳಿಸಿದೆ, ಅದರ ಏರಿಳಿತ ಶೇ 15. ಅಪಾಯವಿಲ್ಲದ ಬಡ್ಡಿ ಶೇ 6. ಎಲ್ಲ ವಲಯಗಳಲ್ಲೂ ಹಣ ಹರಡಿರುವ ಮೊದಲ ಫಂಡ್ ಶೇ 16 ಕೊಟ್ಟಿದೆ, ಏರಿಳಿತ 16, ಬೀಟಾ 1; ಸೂಚ್ಯಂಕ ಒಂದು ಅಂಶ ಅಲುಗಿದರೆ ಫಂಡ್ ಸರಾಸರಿ ಎಷ್ಟು ಅಂಶ ಅಲುಗುತ್ತದೆ ಎಂಬುದೇ ಬೀಟಾ. ಔಷಧ ಕಂಪನಿಗಳ ಷೇರುಗಳನ್ನಷ್ಟೇ ಕೊಳ್ಳುವ ಎರಡನೆಯದು ಶೇ 15 ಕೊಟ್ಟಿದೆ, ಏರಿಳಿತ 22, ಬೀಟಾ 0.7.

ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1966ರಲ್ಲಿ ಅಮೆರಿಕದ 34 ಫಂಡ್‌ಗಳನ್ನು ಹೋಲಿಸಿದ ಅಳತೆ ಸರಳವಾದದ್ದು. ಪ್ರತಿಫಲದಿಂದ ಅಪಾಯವಿಲ್ಲದ ಬಡ್ಡಿಯನ್ನು ಕಳೆದು, ಉಳಿದದ್ದನ್ನು ಏರಿಳಿತದಿಂದ ಭಾಗಿಸಬೇಕು. ಮೊದಲ ಫಂಡ್‌ಗೆ 10 ಭಾಗಿಸು 16, ಅಂದರೆ 0.63. ಔಷಧ ಫಂಡ್‌ಗೆ 9 ಭಾಗಿಸು 22, ಅಂದರೆ 0.41. ಸೂಚ್ಯಂಕಕ್ಕೇ 0.53 ಇದೆ. ಔಷಧ ಫಂಡ್ ಸೂಚ್ಯಂಕಕ್ಕಿಂತಲೂ ಹಿಂದೆ ಬಿತ್ತು.

ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೈಕೇಲ್ ಜೆನ್ಸನ್ 1968ರಲ್ಲಿ ಕೇಳಿದ ಪ್ರಶ್ನೆ ಬೇರೆ: ಮಾರುಕಟ್ಟೆಯೊಡನೆ ಇಷ್ಟು ಏರಿಳಿಯುವ ಫಂಡ್ ಎಷ್ಟು ಗಳಿಸಬೇಕಿತ್ತು? ಸೂಚ್ಯಂಕದ 14ರಲ್ಲಿ ಅಪಾಯವಿಲ್ಲದ 6 ಕಳೆದರೆ 8. ಔಷಧ ಫಂಡ್‌ನ ಉತ್ತರ, 6ಕ್ಕೆ ಆ 8ರ 0.7 ಪಟ್ಟು ಕೂಡಿಸಿದರೆ 11.6. ಅದು ಗಳಿಸಿದ್ದು 15. ಹೆಚ್ಚುವರಿ 3.4 ಅದರ ಆಲ್ಫಾ. ಮೊದಲ ಫಂಡ್‌ನ ಆಲ್ಫಾ ಕೇವಲ 2. ಈಗ ಔಷಧ ಫಂಡೇ ಮುಂದು!

ಎರಡೂ ಲೆಕ್ಕ ಸರಿಯೇ. ಶಾರ್ಪ್ ಇಡೀ ಏರಿಳಿತವನ್ನು ಎಣಿಸುತ್ತದೆ. ಆಲ್ಫಾ ಮಾರುಕಟ್ಟೆಯೊಡನೆ ಕೂಡಿ ಬರುವ ಏರಿಳಿತವನ್ನಷ್ಟೇ ಎಣಿಸುತ್ತದೆ; ಉಳಿದದ್ದನ್ನು ನೀವು ಬೇರೆ ಹೂಡಿಕೆಗಳಲ್ಲಿ ಕರಗಿಸಿಕೊಳ್ಳುತ್ತೀರಿ ಎಂದು ಭಾವಿಸುತ್ತದೆ. ನಿವೃತ್ತಿಯ ಹಣವೆಲ್ಲ ಒಂದೇ ಫಂಡ್‌ನಲ್ಲಿದ್ದರೆ ಶಾರ್ಪ್ ಮಾತು ಕೇಳಿ. ದೊಡ್ಡ ಹೂಡಿಕೆಗೆ ಚಿಕ್ಕ ತುಣುಕಾಗಿ ಸೇರಿಸುವುದಾದರೆ ಆಲ್ಫಾಕ್ಕೆ ಅರ್ಥವಿದೆ.

ಆದರೆ ಆ 3.4ನ್ನು ನಂಬುವ ಮುನ್ನ ಫ್ಯಾಕ್ಟ್‌ಶೀಟ್‌ನಲ್ಲಿ ಆರ್-ಸ್ಕ್ವೇರ್ಡ್ ಎಂಬ ಅಂಕಿಯನ್ನು ಹುಡುಕಿ. ಇಲ್ಲಿ ಅದು 0.23. ಅಂದರೆ ಈ ಫಂಡ್‌ನ ಏರಿಳಿತದ ವರ್ಗದಲ್ಲಿ ನಾಲ್ಕನೇ ಒಂದು ಪಾಲನ್ನೂ ಸೂಚ್ಯಂಕ ವಿವರಿಸುವುದಿಲ್ಲ. ಉಳಿದದ್ದು ಔಷಧ ವಲಯದ ಸ್ವಂತ ಅಲುಗಾಟ. ಆ ಅಲುಗಾಟ ವರ್ಷಕ್ಕೆ ಸುಮಾರು 19 ಅಂಶ. ಮೂರು ವರ್ಷದ ಸರಾಸರಿಯಲ್ಲಿ ಅದು ತಗ್ಗಿದರೂ 11 ಅಂಶ ಉಳಿಯುತ್ತದೆ. 11ರಷ್ಟು ತೂಗಾಡುವ ತಕ್ಕಡಿಯಲ್ಲಿ 3.4ನ್ನು ಅಳೆದಂತಾಯಿತು. ಅದು ಅದೃಷ್ಟವಲ್ಲ, ಕೌಶಲವೇ ಎಂದು ಸಂಖ್ಯಾಶಾಸ್ತ್ರದ ಸಾಮಾನ್ಯ ಕಟ್ಟಳೆಯಲ್ಲಿ ಹೇಳಲು ನೂರಿಪ್ಪತ್ತು ವರ್ಷಕ್ಕೂ ಮೀರಿದ ದಾಖಲೆ ಬೇಕು. ಸೂಚ್ಯಂಕಕ್ಕೆ ಹತ್ತಿರವೇ ನಡೆಯುವ ಮೊದಲ ಫಂಡ್‌ನ ಆ ಚಿಕ್ಕ 2ಕ್ಕೆ ಸುಮಾರು ಮೂವತ್ತು ವರ್ಷ ಸಾಕು.