ಡಬ್ಬ ನೋಡಿ ಗ್ರೈಂಡರ್ ಕೊಳ್ಳಬೇಡಿ, ಬ್ರಷ್ ನೋಡಿ ಕೊಳ್ಳಿ

ಕೇಳುಗರಿಗೆ ನಮಸ್ಕಾರ. ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವುದು, ಗ್ರೈಂಡರ್ ಡ್ರಿಲ್ ರಿಪೇರಿ ಮಾಡುವುದು ನನ್ನ ಕಸುಬು. ವೆಲ್ಡಿಂಗ್ ಶಾಪಿನವರು, ಬಡಗಿಗಳು, ಟೈಲ್ಸ್ ಹಾಕುವವರು, ತೋಟದ ಮನೆಯಲ್ಲಿ ಒಂದು ಡ್ರಿಲ್ ಇಟ್ಟುಕೊಂಡಿರುವ ರೈತರು, ನಿಮಗಾಗಿಯೇ ಈ ಮಾತು. ಒಂದೇ ವಿಷಯ ಹೇಳುತ್ತೇನೆ, ನಡುವೆ ನಾಲ್ಕೈದು ಸಲ ಅದನ್ನೇ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಡಬ್ಬ ನೋಡಿ ಕೊಳ್ಳಬೇಡಿ, ಬ್ರಷ್ ನೋಡಿ ಕೊಳ್ಳಿ.

ಯಾಕೆ ಅಂತೀರಾ? ಡೂಪ್ಲಿಕೇಟ್ ಮಾಲು ಮಾಡುವವನು ದುಡ್ಡು ಖರ್ಚು ಮಾಡುವುದು ನಿಮ್ಮ ಕಣ್ಣಿಗೆ ಮೊದಲು ಬೀಳುವುದರ ಮೇಲೆ. ಡಬ್ಬ, ಬಣ್ಣ, ಕಂಪನಿ ಹೆಸರು. ಉಳಿಸುವುದು ನೀವು ನೋಡದೇ ಇರುವುದರಲ್ಲಿ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್, ಒಳಗಿನ ತಂತಿ, ಬೇರಿಂಗ್. ಹಾಗಾಗಿ ಅವನು ಕಡೆಗೆ ಇಟ್ಟಿದ್ದನ್ನು ನಾವು ಮೊದಲು ನೋಡಬೇಕು.

ಹೊಳಲ್ಕೆರೆ ಕಡೆಯ ಒಬ್ಬ ಹುಡುಗ, ಕಿಟಕಿ ಗ್ರಿಲ್, ಗೇಟ್ ಮಾಡುವವನು, ಒಂದು ದಿನ ನಾಲ್ಕಿಂಚಿನ ಗ್ರೈಂಡರ್ ತಂದು ಟೇಬಲ್ ಮೇಲಿಟ್ಟ. "ಅಣ್ಣಾ, ತಗಂಡು ಇನ್ನೂ ತಿಂಗಳಾಗಿಲ್ಲ, ಹೊಗೆ ಬರ್ತೈತಿ ನೋಡ್ರಿ" ಅಂದ. ಜೊತೆಗೆ ಡಬ್ಬಾನೂ ತಂದಿದ್ದ. ಬುದ್ಧಿವಂತ. ಎಷ್ಟೋ ಜನ ಡಬ್ಬ ಬಿಸಾಕಿ ಬರೀ ಮಷಿನ್ ಹಿಡಿದುಕೊಂಡು ಬರುತ್ತಾರೆ. ಹೆಸರುವಾಸಿ ಕಂಪನಿಯದ್ದೇ ಬಣ್ಣ, ಅದೇ ಅಕ್ಷರ. ಬೆಲೆ ಮಾತ್ರ ಅರ್ಧ. ಬಿಲ್ ಇಲ್ಲ.

ಮೊದಲು ಡಬ್ಬದ ಮೇಲಿನ ಚಿತ್ರವನ್ನೂ ಮಷಿನ್ನನ್ನೂ ಪಕ್ಕಪಕ್ಕ ಇಟ್ಟೆ. ಚಿತ್ರದಲ್ಲಿ ಸ್ವಿಚ್ ಬಾಡಿಯ ಪಕ್ಕದಲ್ಲಿ, ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳುವಂಥದ್ದು. ಕೈಯಲ್ಲಿದ್ದ ಮಷಿನ್ನಿಗೆ ಸ್ವಿಚ್ ಹಿಂದೆ ಇತ್ತು. ಚಿತ್ರದಲ್ಲಿ ಗಾಳಿ ಹೋಗುವ ಸೀಳುಗಳು ಓರೆಯಾಗಿದ್ದವು, ಇದರಲ್ಲಿ ನೇರ. ಅಂದರೆ ಡಬ್ಬ ಒಂದು ಮಾಡೆಲ್‌ನದ್ದು, ಒಳಗಿರುವುದು ಇನ್ನೊಂದು. ಇಷ್ಟು ನೋಡಲು ಮೆಕ್ಯಾನಿಕ್ ಬೇಕಿಲ್ಲ, ಅಲ್ವಾ? ಅಂಗಡಿಯಲ್ಲೇ, ಡಬ್ಬ ಬಿಚ್ಚಿದ ಕೂಡಲೇ ನೋಡಬಹುದು.

ಆಮೇಲೆ ಪ್ಲೇಟ್. ಮೋಟಾರಿನ ಮೈಮೇಲೆ ಅಂಟಿಸಿರುತ್ತಾರಲ್ಲ, ವೋಲ್ಟ್, ವಾಟ್, ಆಂಪ್ಸ್, ಸ್ಪೀಡ್ ಬರೆದ ಚೀಟಿ, ಅದು. ಇವನ ಪ್ಲೇಟಿನಲ್ಲಿ 220 ವೋಲ್ಟ್, 2.2 ಆಂಪ್ಸ್, 850 ವಾಟ್ ಅಂತ ಇತ್ತು. ಮೊಬೈಲ್ ತೆಗೆದು ಗುಣಾಕಾರ ಮಾಡು ಅಂದೆ. 220 ಗುಣಿಸು 2.2, ಬಂದಿದ್ದು 484. ಆ ಮೋಟಾರ್ ಎಳೆಯುವ ಕರೆಂಟೇ ಅಷ್ಟಾದರೆ 850 ವಾಟ್ ಎಲ್ಲಿಂದ ಬಂತು? 850 ವಾಟ್ ನಿಜವಾಗಿದ್ದರೆ ಹತ್ತಿರ ಹತ್ತಿರ 4 ಆಂಪ್ಸ್ ಇರಬೇಕಿತ್ತು. ಸರಿಯಾದ ಪ್ಲೇಟಿನಲ್ಲಿ ವೋಲ್ಟನ್ನು ಆಂಪ್ಸಿನಿಂದ ಗುಣಿಸಿದರೆ ವಾಟಿಗೆ ಸಮ ಬರುತ್ತದೆ, ಇಲ್ಲವೇ ವಾಟಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅರ್ಧಕ್ಕರ್ಧ ಕಡಿಮೆ ಬಂದರೆ ಆ ಪ್ಲೇಟ್ ಬರೆದವನಿಗೆ ಮೋಟಾರ್ ಗೊತ್ತಿಲ್ಲ, ಸುಮ್ನೆ ದೊಡ್ಡ ನಂಬರ್ ಹಾಕಿದ್ದಾನೆ. ಕೆಲವು ಅಸಲಿ ಮಷಿನ್‌ಗಳಲ್ಲಿ ಆಂಪ್ಸ್ ಬರೆದಿರುವುದೇ ಇಲ್ಲ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆದರೆ ಬರೆದಿದ್ದರೆ ಲೆಕ್ಕ ಹಾಕದೆ ಬಿಡಬೇಡಿ.

ಪ್ಲೇಟಿನದ್ದು ಅಲ್ಲಿಗೇ ಮುಗಿಯಲಿಲ್ಲ. "ನಿನ್ನ ಜೊತೆ ಬೇರೆ ಯಾರಾದ್ರೂ ತಗಂಡಿದ್ರೇನಪ್ಪ?" ಅಂತ ಕೇಳಿದೆ. ಅವನ ಭಾವನೂ ಅದೇ ದಿನ ಅಲ್ಲೇ ಒಂದು ತೆಗೆದುಕೊಂಡಿದ್ದನಂತೆ. ಫೋನ್ ಮಾಡಿ ಪ್ಲೇಟಿನ ಫೋಟೋ ಕಳಿಸಲು ಹೇಳಿಸಿದೆ. ಐದು ನಿಮಿಷಕ್ಕೆ ಫೋಟೋ ಬಂತು. ದೊಡ್ಡದು ಮಾಡಿ ನೋಡಿದರೆ ಎರಡೂ ಮಷಿನ್‌ಗೆ ಒಂದೇ ಸೀರಿಯಲ್ ನಂಬರ್! ಒಂದು ಅಂಕಿಯೂ ಬೇರೆ ಇಲ್ಲ. ಸೀರಿಯಲ್ ನಂಬರ್ ಇರುವುದೇ ಒಂದೊಂದು ಮಷಿನ್‌ಗೆ ಒಂದೊಂದು ಇರಲಿ ಅಂತ. ನಕಲಿ ಮಾಡುವವನು ಒಂದು ಸ್ಟಿಕ್ಕರ್ ಡಿಸೈನ್ ಮಾಡಿ ಸಾವಿರಾರು ಪ್ರಿಂಟ್ ಹೊಡೆಸುತ್ತಾನೆ. ಆ ಹುಡುಗನ ಮುಖ ಅಲ್ಲೇ ಬಾಡಿತು. ಆದರೂ "ಹೆಂಗಾದ್ರೂ ಮಾಡಿ ರಿಪೇರಿ ಮಾಡಿಕೊಡ್ರಿ ಅಣ್ಣ" ಅಂದ. ಸರಿ, ಬಿಚ್ಚಿ ನೋಡೋಣ ಅಂದೆ.

ಈಗ ನಾನು ಹೇಳಬೇಕು ಅಂತ ಬಂದ ಜಾಗಕ್ಕೆ ಬಂದೆವು. ಹಿಂದಿನ ಕವರಿನ ಸ್ಕ್ರೂ ತೆಗೆದರೆ ಎರಡು ಕಡೆ ಕಾರ್ಬನ್ ಬ್ರಷ್ ಕಾಣುತ್ತವೆ. ಎಷ್ಟೋ ಡ್ರಿಲ್‌ಗಳಲ್ಲಿ ಕವರ್ ಬಿಚ್ಚುವುದೂ ಬೇಡ, ಬಾಡಿಯ ಎರಡೂ ಪಕ್ಕದಲ್ಲಿ ದುಂಡನೆಯ ಮುಚ್ಚಳ ಇರುತ್ತದೆ, ಚಪ್ಪಟೆ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿದರೆ ಬ್ರಷ್ ಈಚೆ ಬರುತ್ತದೆ. ಪ್ಲಗ್ ಕಿತ್ತಿಟ್ಟೇ ಮಾಡಿ. ಬ್ರಷ್ ಕಪ್ಪನೆಯ ಸಣ್ಣ ಇಟ್ಟಿಗೆಯ ಆಕಾರದ್ದು, ಅದರ ಹಿಂದೆ ಸ್ಪ್ರಿಂಗ್, ಮಧ್ಯೆ ಹೆಣೆದ ತಾಮ್ರದ ಬಾಲ. ತಂತಿ ಸುತ್ತಿದ, ತಿರುಗುವ ಆರ್ಮೇಚರ್‌ಗೆ ಕರೆಂಟ್ ಹೋಗುವುದು ಈ ಎರಡು ಚೂರುಗಳ ಮೂಲಕವೇ.

ಅವನ ಮಷಿನ್ನಿನ ಬ್ರಷ್ ಎಳೆದರೆ ತಾಮ್ರದ ಬಾಲ ನನ್ನ ಬೆರಳಿಗೇ ಬಂತು, ಕಾರ್ಬನ್ ಒಳಗೇ ಉಳಿಯಿತು. ಅಸಲಿಯಲ್ಲಿ ಆ ಬಾಲವನ್ನು ಕಾರ್ಬನ್ ಒಳಗೆ ತೂತು ಮಾಡಿ, ಪುಡಿ ಹಾಕಿ ಗಟ್ಟಿಯಾಗಿ ಕೂರಿಸಿರುತ್ತಾರೆ. ಜಗ್ಗಿದರೂ ಬರುವುದಿಲ್ಲ. ಇದರಲ್ಲಿ ಸುಮ್ನೆ ತುದಿಗೆ ಅಂಟಿಸಿದ್ದರು. ಬಾಲ ಕಿತ್ತರೆ ಏನಾಗುತ್ತದೆ? ಕರೆಂಟ್ ಸ್ಪ್ರಿಂಗಿನ ಮೂಲಕ ಹೋಗಲು ಶುರುವಾಗುತ್ತದೆ. ಸ್ಪ್ರಿಂಗ್ ಕಾದು ಬಿಗಿ ಕಳೆದುಕೊಳ್ಳುತ್ತದೆ. ಬಿಗಿ ಹೋದರೆ ಬ್ರಷ್ ಕುಣಿಯುತ್ತದೆ, ಕುಣಿದರೆ ಕಿಡಿ, ಕಿಡಿಯಿಂದ ಕಮ್ಯುಟೇಟರ್, ಅಂದರೆ ಬ್ರಷ್ ತಾಗುವ ಆರ್ಮೇಚರಿನ ತಾಮ್ರದ ಭಾಗ, ಕಪ್ಪಾಗುತ್ತದೆ, ಕಪ್ಪಾದರೆ ಇನ್ನೂ ಜಾಸ್ತಿ ಕಿಡಿ. ಅವನು ನೋಡಿದ ಹೊಗೆ ಬಂದ ದಾರಿ ಅದು.

ಇನ್ನೊಂದು ಬ್ರಷ್ ತೆಗೆದು ಮತ್ತೆ ಹೋಲ್ಡರ್ ಒಳಗೆ ಬಿಟ್ಟೆ. ಅದು ಹಿತ್ತಾಳೆಯ ಗೂಡಿನಲ್ಲಿ ಅತ್ತಿತ್ತ ಅಲ್ಲಾಡುತ್ತಿತ್ತು. ಸರಿಯಾದ ಬ್ರಷ್ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರಬೇಕು, ಆದರೆ ಪಕ್ಕಕ್ಕೆ ಅಲ್ಲಾಡಬಾರದು. ಮೈಮೇಲೆ ಒಂದು ನಂಬರ್ ಒತ್ತಿರಬೇಕು, ಬದಲಿ ಬ್ರಷ್ ಕೇಳುವಾಗ ಅದೇ ನಂಬರ್ ಹೇಳುವುದು. ಇದರಲ್ಲಿ ನಂಬರೂ ಇಲ್ಲ. ಒಳ್ಳೆಯ ಕಂಪನಿಗಳ ಎಷ್ಟೋ ಮಾಡೆಲ್‌ಗಳಲ್ಲಿ ಬ್ರಷ್ ಒಳಗೆ ಒಂದು ಸಣ್ಣ ಕಡ್ಡಿ ಅಡಗಿರುತ್ತದೆ. ಬ್ರಷ್ ಸವೆದು ಗಿಡ್ಡ ಆದಾಗ ಆ ಕಡ್ಡಿ ಹೊರಗೆ ಬಂದು ಬ್ರಷ್ಷನ್ನು ಕಮ್ಯುಟೇಟರಿನಿಂದ ಎತ್ತಿಬಿಡುತ್ತದೆ, ಮಷಿನ್ ತಾನಾಗೇ ನಿಲ್ಲುತ್ತದೆ, ಆರ್ಮೇಚರ್ ಉಳಿಯುತ್ತದೆ. ಡಬ್ಬದ ಮೇಲೆ ಈ ಸೌಲಭ್ಯ ಇದೆ ಅಂತ ಬರೆದಿತ್ತು. ನಾನು ಆ ಬ್ರಷ್ಷನ್ನು ಇಕ್ಕಳದಲ್ಲಿ ಒಡೆದು ತೋರಿಸಿದೆ. ಒಳಗೆ ಬರೀ ಕಾರ್ಬನ್. ಕಡ್ಡಿ ಎಲ್ಲಿದೆ? ನೋಡಿ, ಅದಕ್ಕೇ ಹೇಳುವುದು. ಡಬ್ಬ ಬೇಡ, ಬ್ರಷ್ ನೋಡಿ.

ಆರ್ಮೇಚರ್ ತಂತಿಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ. ಒಂದೇ ದಪ್ಪದ ತಂತಿ ಆದರೆ ಅಲ್ಯೂಮಿನಿಯಂ ತಾಮ್ರಕ್ಕಿಂತ ಕಡಿಮೆ ಕರೆಂಟ್ ಹೊರುತ್ತದೆ, ಕರೆಂಟ್ ಹರಿಯಬಿಡುವ ಅದರ ಗುಣ ತಾಮ್ರದ ನೂರಕ್ಕೆ ಅರವತ್ತರಷ್ಟು ಅಂತ ಇಟ್ಟುಕೊಳ್ಳಿ. ಆ್ಯಂಗಲ್ ಕತ್ತರಿಸುವಾಗ ಸ್ವಲ್ಪ ಒತ್ತಿದರೆ ಸಾಕು, ಕಾಯುತ್ತದೆ. ರೀವೈಂಡಿಂಗ್ ಮಾಡಿ ದುಡ್ಡು ತೆಗೆದುಕೊಳ್ಳಬಹುದಿತ್ತು. ಬೇಡ ಅಂದೆ. ಆ ಗೇರ್, ಆ ಬೇರಿಂಗ್ ನಂಬಿ ತಾಮ್ರ ಸುತ್ತುವುದು ಆ ಹುಡುಗನ ದುಡ್ಡನ್ನು ಎರಡನೇ ಸಲ ಕಳೆದ ಹಾಗೆ.

ಅಯ್ಯೋ, ಇದರಲ್ಲೇ ಅರ್ಧ ಸಮಯ ಹೋಯಿತು. ಬಾಡಿಯ ಜೋಡಣೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಡ್ರಿಲ್ ಆದರೆ ಎರಡು ಹೋಳು ಸೇರಿಸಿದ ಗೆರೆ ಉದ್ದಕ್ಕೂ ಇರುತ್ತದೆ. ಗ್ರೈಂಡರ್ ಆದರೆ ಹಿಂದಿನ ಕವರ್ ಸೇರುವ ಜಾಗ, ಮುಂದೆ ಗೇರ್ ತಲೆ ಸೇರುವ ಜಾಗ ನೋಡಿ. ಉಗುರು ಇಟ್ಟು ಗೆರೆಯ ಮೇಲೆ ಎಳೆಯಿರಿ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಸಿಗಬಾರದು. ಅಂಚಿನಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಎಳೆ ಉಳಿದಿರಬಾರದು. ಅಸಲಿ ಬಾಡಿಯನ್ನೇ ಇಟ್ಟುಕೊಂಡು ಅಚ್ಚು ತೆಗೆದರೆ, ಹೊಸ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ, ಅದಕ್ಕೇ ನಕಲಿಯಲ್ಲಿ ಹೋಳುಗಳು ಸರಿಯಾಗಿ ಕೂರುವುದಿಲ್ಲ. ವೈರ್ ಒಳಗೆ ಹೋಗುವ ಬಾಯಿಯ ಹತ್ತಿರ ಜಾಸ್ತಿ ಗಮನ ಕೊಡಿ. ಅಲ್ಲಿ ಸಂದಿ ಇದ್ದರೆ ಕಬ್ಬಿಣದ ಪುಡಿ ಒಳಗೆ ಹೋಗುತ್ತದೆ. ಪ್ಲೇಟಿನ ಮೇಲೆ ಚೌಕದೊಳಗೆ ಚೌಕದ ಗುರುತು ಇರುತ್ತದಲ್ಲ, ಡಬಲ್ ಇನ್ಸುಲೇಷನ್, ಅರ್ಥಿಂಗ್ ಬೇಕಿಲ್ಲ ಅಂತ. ನಕಲಿಯಲ್ಲಿ ಗುರುತು ಮಾತ್ರ ಇದ್ದು ಇನ್ಸುಲೇಷನ್ ಇಲ್ಲದಿದ್ದರೆ, ಅದೇ ಪುಡಿಯ ಮೂಲಕ ಕರೆಂಟ್ ಗೇರ್ ತಲೆಗೆ ಬರುತ್ತದೆ. ನಿಮ್ಮ ಕೈ ಇರುವುದು ಅಲ್ಲೇ ಪಕ್ಕದಲ್ಲಿ.

ಪ್ಲೇಟ್ ಅಚ್ಚು ಗಟ್ಟಿ ಇದೆಯಾ ನೋಡಲು ನೀರಿನಲ್ಲಿ ಅದ್ದಿದ ಬಟ್ಟೆಯಿಂದ 15 ಸೆಕೆಂಡ್ ಉಜ್ಜಿ. ಅಳಿಸಿದರೆ ವಾಪಸ್ ಕೊಡಿ. ಈ ಮಷಿನ್‌ಗಳ ಸುರಕ್ಷತೆಯ ಮಾನದಂಡದಲ್ಲೇ ಈ ಪರೀಕ್ಷೆ ಇದೆ. ನೀರು ಆದ ಮೇಲೆ ಪೆಟ್ರೋಲಿಯಂ ಸ್ಪಿರಿಟ್‌ನಲ್ಲೂ 15 ಸೆಕೆಂಡ್ ಉಜ್ಜುತ್ತಾರೆ, ಆಗಲೂ ಅಕ್ಷರ ಓದುವ ಹಾಗಿರಬೇಕು.

ಡಬ್ಬದಲ್ಲಿ ಚಿತ್ರಕ್ಕಿಂತ ಪಕ್ಕದ ಸಣ್ಣ ಅಕ್ಷರ ಓದಿ. ತಯಾರಿಸಿದವರ ಅಥವಾ ಆಮದು ಮಾಡಿದವರ ಪೂರ್ತಿ ವಿಳಾಸ, ತಿಂಗಳು ವರ್ಷ, ಎಂಆರ್‌ಪಿ, ದೂರು ಹೇಳುವ ಫೋನ್ ನಂಬರ್ ಇರಬೇಕು. 2011ರ ಪ್ಯಾಕೇಜ್ ನಿಯಮದಲ್ಲಿ ಇದು ಇದೆ. ಬರೀ ಊರಿನ ಹೆಸರು ಇದ್ದರೆ ಅದು ವಿಳಾಸ ಅಲ್ಲ.

ಈಗಾಗಲೇ ಕೊಂಡಿದ್ದೀರಿ, ಅನುಮಾನ ಇದೆ ಅಂದರೆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋಟೋ ಕಳಿಸಿ ಕೇಳಿ. ಮಷಿನ್ ಹಿಡಿದುಕೊಂಡು ನಿಂತ ನಿಮ್ಮ ಫೋಟೋ ಬೇಡ, ದಯವಿಟ್ಟು. ಪ್ಲೇಟನ್ನು ಎದುರಿನಿಂದ, ಫ್ಲಾಶ್ ಇಲ್ಲದೆ, ಸೀರಿಯಲ್ ನಂಬರ್ ಓದುವ ಹಾಗೆ ತೆಗೆಯಿರಿ. ಎರಡೂ ಬ್ರಷ್ ಹೊರಗೆ ತೆಗೆದು ಸ್ಕೇಲಿನ ಪಕ್ಕದಲ್ಲಿಟ್ಟು, ಬಾಲ ಸೇರುವ ಜಾಗ ಕಾಣುವ ಹಾಗೆ ಒಂದು. ವೈರ್ ಬಾಯಿಯ ಜೋಡಣೆ ಹತ್ತಿರದಿಂದ ಒಂದು. ಡಬ್ಬದ ವಿಳಾಸ ಇರುವ ಮಗ್ಗುಲು ಒಂದು. ನಕಲಿ ಅಂತ ಅವರು ಹೇಳಿದರೆ ಅದನ್ನು ಬರಹದಲ್ಲಿ ಕೇಳಿ, ಬಿಲ್ ಜೊತೆ ಇಟ್ಟುಕೊಂಡು ಅಂಗಡಿಗೆ ಹೋಗಿ. ಅಂಗಡಿಯವರು ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ ಇಲ್ಲದಿದ್ದರೆ ಕಷ್ಟ. ಆ ಹುಡುಗನಿಗೆ ದುಡ್ಡು ವಾಪಸ್ ಬರಲಿಲ್ಲ. ಅವನ ಭಾವ ಮಾತ್ರ ಬಿಲ್ ಹಾಕಿಸಿಕೊಂಡಿದ್ದ, ಅವನಿಗೆ ಬಂತು. ನಮಸ್ಕಾರ.