ಗಾಳಿ ಇಲ್ಲದ ದಿನ ಅಲೆ ಎಲ್ಲಿಂದ ಬಂತು?

(ಬಾಗಲಕೋಟೆಯಲ್ಲಿ, ಕರಾವಳಿ ಪ್ರವಾಸಕ್ಕೆ ಹೊರಟ ಕಾಲೇಜು ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಗುರುವಾರ ರಾತ್ರಿ ನಿಮ್ಮ ಬಸ್ಸು ಹೊರಡುತ್ತದೆ. ಅದಕ್ಕೂ ಮೊದಲು ಒಂದು ಮಾತು ಹೇಳಲೇಬೇಕು ಅಂತ ನಾನೇ ಕೇಳಿಕೊಂಡು ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳು. ಕುಮಟಾ ಹತ್ತಿರದ ಒಂದು ಬೀಚಿಗೆ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಏಳು ಗಂಟೆ. ಗಾಳಿ ಅನ್ನೋದೇ ಇಲ್ಲ, ತೆಂಗಿನ ಗರಿ ಅಲುಗುತ್ತಿಲ್ಲ. ನೀರು ಎಣ್ಣೆ ಸುರಿದ ಹಾಗೆ ನುಣ್ಣಗಿತ್ತು. ಮರಳಿನ ಮೇಲೆ ಚಾಪೆ ಹಾಸಿ, ರೊಟ್ಟಿ ಗಂಟು ಬಿಚ್ಚಿ, ಶೇಂಗಾ ಚಟ್ನಿ ಹಾಕಿಕೊಂಡು ಕೂತಿದ್ದೆವು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ತೆರೆ ಬಂತು, ಕಾಲ ಬೆರಳಿಗೆ ತಾಗಿತು. ಹುಡುಗರು ನಕ್ಕರು. ಅದರ ಹಿಂದಿನದು ಚಾಪೆ ಎತ್ತಿತು. ಮೂರನೆಯದು ರೊಟ್ಟಿ, ಚಪ್ಪಲಿ, ಬ್ಯಾಗು ಎಲ್ಲ ಎಳೆದುಕೊಂಡಿತು. ಚಪ್ಪಲಿ ಹಿಡಿಯಲು ಓಡಿದ ಒಬ್ಬ ಹುಡುಗನ ಮೇಲೆ ನಾಲ್ಕನೆಯದು ಬಿತ್ತು. ಅವನನ್ನು ಮಗುಚಿ ಮರಳಿಗೆ ಅಪ್ಪಳಿಸಿತು. ಭುಜದ ಎಲುಬು ಮುರಿಯಿತು. ಮೊಣಕಾಲುದ್ದ ನೀರಿನಲ್ಲಿ ಆದದ್ದು ಇದು, ಈಜು ಬಂದರೂ ಉಪಯೋಗವಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವನ ಗೆಳೆಯ ನನ್ನನ್ನು ಕೇಳಿದ: “ಸರ್, ಗಾಳಿನೇ ಇದ್ದಿಲ್ಲಲ್ರೀ, ಅಲೆ ಎಲ್ಲಿಂದ ಬಂತ್ರೀ?”

ಆ ಪ್ರಶ್ನೆಗೆ ಉತ್ತರ ಹೇಳೋದಕ್ಕೇ ಇವತ್ತು ನಿಂತಿದ್ದೇನೆ.

ನಾವು ನೋಡಿ ಬೆಳೆದ ಅಲೆ ಯಾವುದು? ಆಲಮಟ್ಟಿ ಹಿನ್ನೀರಿನದು. ಗಾಳಿ ಎದ್ದರೆ ಏಳುತ್ತದೆ, ಗಾಳಿ ನಿಂತರೆ ಮಲಗುತ್ತದೆ. ದಂಡೆಯಲ್ಲಿ ನಿಂತು ಎಣಿಸಿ ನೋಡಿ, ಒಂದು ಅಲೆಗೂ ಇನ್ನೊಂದಕ್ಕೂ ಎರಡು ಮೂರು ಸೆಕೆಂಡು. ಯಾಕೆಂದರೆ ಅಲೆ ಬೆಳೆಯೋದಕ್ಕೆ ಮೂರು ಬೇಕು: ಗಾಳಿಯ ಜೋರು, ಎಷ್ಟು ಹೊತ್ತು ಬೀಸಿತು, ಎಷ್ಟು ದೂರದ ನೀರಿನ ಮೇಲೆ ಬೀಸಿತು. ನಮ್ಮಲ್ಲಿ ಮೂರನೆಯದೇ ಇಲ್ಲ. ಕೆಲವು ಕಿಲೋಮೀಟರ್ ಆಗುವಷ್ಟರಲ್ಲಿ ದಂಡೆ ಬಂದುಬಿಡುತ್ತದೆ.

ಈಗ ದಕ್ಷಿಣಕ್ಕೆ ಹೋಗಿ. ಮಡಗಾಸ್ಕರ್ ದಾಟಿ ಇನ್ನೂ ಕೆಳಗೆ, 45 ಡಿಗ್ರಿ ದಕ್ಷಿಣ ಅಕ್ಷಾಂಶ. ಅಲ್ಲಿ ಗಾಳಿಗೆ ಅಡ್ಡ ಬರುವ ನೆಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದು ಬಿರುಗಾಳಿ ಎರಡು ಮೂರು ದಿನ, ನೂರಾರು ಕಿಲೋಮೀಟರ್ ಉದ್ದಕ್ಕೂ ನೀರನ್ನು ತಳ್ಳುತ್ತದೆ. ಮೊದಲು ಸಣ್ಣ ಸುಕ್ಕು. ಸುಕ್ಕಿನ ಬೆನ್ನ ಮೇಲೆ ಗಾಳಿಗೆ ಇನ್ನಷ್ಟು ಹಿಡಿತ ಸಿಗುತ್ತದೆ, ಅಲೆ ದೊಡ್ಡದಾಗುತ್ತದೆ, ಅಲೆಗಳ ನಡುವಿನ ಅಂತರವೂ ಹಿಗ್ಗುತ್ತ ಹೋಗುತ್ತದೆ. ಅಲ್ಲಿಂದ ಆಚೆ ಬಿರುಗಾಳಿಯನ್ನು ಬಿಟ್ಟು ಹೊರಟ ಅಲೆಯೇ ಸ್ವೆಲ್. ಅದಕ್ಕೆ ಇನ್ನು ಗಾಳಿ ಬೇಕಾಗಿಲ್ಲ.

ಹೊರಟದ್ದು ಅಲೆ, ನೀರಲ್ಲ. ಜೋಳದ ಹೊಲದಲ್ಲಿ ಗಾಳಿ ಬಂದಾಗ ತೆನೆ ತಲೆ ಆಡಿಸುತ್ತದೆ, ಅಲೆ ಬದುವಿನ ತನಕ ಓಡುತ್ತದೆ. ದಂಟು ಮಾತ್ರ ಬೇರು ಬಿಟ್ಟು ಕದಲೋದಿಲ್ಲ. ಸಮುದ್ರದಲ್ಲೂ ನೀರು ಒಂದು ಸುತ್ತು ಸುತ್ತಿ ಸುಮಾರಾಗಿ ಇದ್ದಲ್ಲಿಗೇ ಬರುತ್ತದೆ.

ಈ ಪಯಣದಲ್ಲಿ ಒಂದು ಸೊಗಸಿದೆ. ಆಳದ ನೀರಿನಲ್ಲಿ ಎಲ್ಲ ಅಲೆಗಳಿಗೂ ಒಂದೇ ವೇಗ ಇಲ್ಲ. ಅಂತರ ಜಾಸ್ತಿ ಇದ್ದದ್ದು ಜೋರಾಗಿ ಓಡುತ್ತದೆ. ಸೆಕೆಂಡಿನಲ್ಲಿ ಎಣಿಸಿದ ಅಂತರವನ್ನು 1.56ರಿಂದ ಗುಣಿಸಿ, ಒಂದೊಂದು ಅಲೆಯ ವೇಗ ಸಿಗುತ್ತದೆ, ಸೆಕೆಂಡಿಗೆ ಇಷ್ಟು ಮೀಟರ್ ಅಂತ. 18 ಸೆಕೆಂಡಿನ ಅಲೆಗೆ 28 ಮೀಟರ್, ಅಂದರೆ ಗಂಟೆಗೆ ನೂರು ಕಿಲೋಮೀಟರ್. ಆದರೆ ಅಲೆಗಳ ಗುಂಪು ಸಾಗೋದು ಅದರ ಅರ್ಧ ವೇಗದಲ್ಲಿ. ಮುಂದಿನ ಅಲೆ ಸೋತು ಅಡಗುತ್ತದೆ, ಹಿಂದೆ ಹೊಸದು ಏಳುತ್ತದೆ. ಹಾಗಾಗಿ ಲೆಕ್ಕಕ್ಕೆ 50 ಕಿಲೋಮೀಟರ್ ಹಿಡಿಯಿರಿ. ಅಲ್ಲಿಂದ ನಮ್ಮ ಕರಾವಳಿಗೆ ಸುಮಾರು 7,000 ಕಿಲೋಮೀಟರ್. ಹತ್ತಿರ ಹತ್ತಿರ ಆರು ದಿನ ಆಯಿತು. ಅದೇ ಬಿರುಗಾಳಿಯ 12 ಸೆಕೆಂಡಿನ ಅಲೆ ಬರೋದಕ್ಕೆ ಒಂಬತ್ತು ದಿನ ಬೇಕು.

ಅಂದರೆ ಉದ್ದ ಅಂತರದ ಅಲೆ ಮೊದಲು ಬಂದು ಬಾಗಿಲು ತಟ್ಟುತ್ತದೆ, ಗಿಡ್ಡ ಅಂತರದ್ದು ಹಿಂದೆ. ಒಂದೇ ಸ್ಟ್ಯಾಂಡಿನಿಂದ ಒಟ್ಟಿಗೆ ಬಿಟ್ಟ ಎಕ್ಸ್‌ಪ್ರೆಸ್ಸೂ ಸಾದಾ ಬಸ್ಸೂ ಎಷ್ಟು ಹೊತ್ತು ಹಿಂದೆಮುಂದೆ ಬಂದವು ಅಂತ ಗೊತ್ತಾದರೆ, ಎಷ್ಟು ದೂರದಿಂದ ಬಂದವು ಅಂತ ಹೇಳಬಹುದು ಅಲ್ವಾ? ವಾಲ್ಟರ್ ಮಂಕ್ ಎಂಬ ಅಮೆರಿಕದ ಸಮುದ್ರ ವಿಜ್ಞಾನಿ ಮಾಡಿದ್ದು ಇದನ್ನೇ. 1963ರಲ್ಲಿ ಅವರ ತಂಡ ಪೆಸಿಫಿಕ್ ಸಾಗರದ ಉದ್ದಕ್ಕೂ, ಅಲಾಸ್ಕದ ತನಕ ಅಳತೆ ಕೇಂದ್ರಗಳನ್ನಿಟ್ಟು ದಕ್ಷಿಣದ ಬಿರುಗಾಳಿಗಳ ಅಲೆಗಳನ್ನು ಹಿಂಬಾಲಿಸಿತು. ಒಮ್ಮೆ ಬಿರುಗಾಳಿಯಿಂದ ದೂರ ಬಂದ ಮೇಲೆ ಈ ಅಲೆಗಳು ಹಾದಿಯಲ್ಲಿ ಶಕ್ತಿ ಕಳೆದುಕೊಳ್ಳೋದು ಬಹಳ ಕಡಿಮೆ ಅಂತ ಕಂಡಿತು.

ಕೇರಳದ ಮೀನುಗಾರರು ಇಂಥ ದಿನವನ್ನು ‘ಕಳ್ಳಕ್ಕಡಲ್’ ಅನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಹೈದರಾಬಾದಿನಲ್ಲಿರುವ ಸರಕಾರಿ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಅದರ ವರದಿ ಓದುವಾಗ ಅಲೆಯ ಎತ್ತರ ಮಾತ್ರ ನೋಡಿ ಬಿಡಬೇಡಿ, ಎಷ್ಟು ಸೆಕೆಂಡು ಅಂತ ನೋಡಿ. ನಮ್ಮ ಹುಡುಗನಿಗೆ ಪೆಟ್ಟಾದ ಮೇಲೆ ನಾನು ಅದೇ ಮರಳಿನಲ್ಲಿ ಗಡಿಯಾರ ಹಿಡಿದು ಕೂತಿದ್ದೆ. 17 ಸೆಕೆಂಡು ಇತ್ತು.

ಇನ್ನು ದಂಡೆ. 18 ಸೆಕೆಂಡಿನ ಅಲೆಯ ಉದ್ದ ಸುಮಾರು ಅರ್ಧ ಕಿಲೋಮೀಟರ್. ಅದರ ಅರ್ಧದಷ್ಟು ಆಳಕ್ಕೆ, ಅಂದರೆ 250 ಮೀಟರಿಗೆ ಬಂದ ಕೂಡಲೇ ತಳ ಅದಕ್ಕೆ ತಾಗತೊಡಗುತ್ತದೆ. ಆಳ ಕಡಿಮೆಯಾದ ಹಾಗೆ ವೇಗ ಇಳಿಯುತ್ತದೆ, ಹಿಂದಿನವು ಹತ್ತಿರ ಬರುತ್ತವೆ, ಎತ್ತರ ಏರುತ್ತದೆ. ಸೆಕೆಂಡು ಮಾತ್ರ ಬದಲಾಗೋದಿಲ್ಲ. ಎತ್ತರ ಆಳದ ಮುಕ್ಕಾಲು ಪಾಲು ಆದಾಗ ಅಲೆ ಒಡೆಯುತ್ತದೆ. ಒಂದೂವರೆ ಮೀಟರಿನ ಅಲೆ ಎರಡು ಮೀಟರ್ ಆಳದಲ್ಲಿ ಒಡೆಯುತ್ತದೆ ಅಂತಿಟ್ಟುಕೊಳ್ಳಿ. 50 ಮೀಟರಿಗೆ ಒಂದು ಮೀಟರ್ ಇಳಿಯುವ ಚಪ್ಪಟೆ ಬೀಚಿನಲ್ಲಿ ಆ ಜಾಗ ದಂಡೆಯಿಂದ 100 ಮೀಟರ್ ದೂರ. ಅಲ್ಲಿಂದ ನೊರೆ ಚೆಲ್ಲುತ್ತ ಚೆಲ್ಲುತ್ತ ಶಕ್ತಿ ಕಳೆದುಕೊಂಡು ಬರುತ್ತದೆ. 10 ಮೀಟರಿಗೆ ಒಂದು ಮೀಟರ್ ಇಳಿಯುವ ಬೀಚಿನಲ್ಲಿ? ಬರೀ 20 ಮೀಟರ್. ಏಳು ಸಾವಿರ ಕಿಲೋಮೀಟರ್ ಹೊತ್ತು ತಂದದ್ದನ್ನೆಲ್ಲ ಒಂದೇ ಕಡೆ ಮಗುಚಿ ಹಾಕುತ್ತದೆ. ತಲೆ ಮುಂದೆ ಬಾಗಿ, ಒಳಗೆ ಟೊಳ್ಳಾಗಿ, ಧಪ್ ಅಂತ ಬೀಳುತ್ತದೆ. ಹುಡುಗನ ಭುಜ ಮುರಿದದ್ದು ಇಂಥ ಬೀಚಿನಲ್ಲಿ. ಸೆಕೆಂಡು ಜಾಸ್ತಿ ಇದ್ದಷ್ಟೂ ಹೀಗೆ ಮಗುಚುವ ಬುದ್ಧಿ ಜಾಸ್ತಿ.

ಕಡಿದಾದ ಬಂಡೆಯ ಬುಡದಲ್ಲಿ ಅದು ಒಡೆಯೋದೇ ಇಲ್ಲ. ಸುಮ್ನೆ ಉಬ್ಬಿ ಮೇಲಕ್ಕೇರಿ, ಅಷ್ಟನ್ನೂ ಎಳೆದುಕೊಂಡು ಇಳಿಯುತ್ತದೆ. ಫೋಟೋಕ್ಕೆ ಅಂತ ಬಂಡೆ ಏರುವವರೇ, ದಯವಿಟ್ಟು ಏರಬೇಡಿ. ನೊರೆ ಕಾಣಲಿಲ್ಲ ಅಂದರೆ ಶಕ್ತಿ ಇಲ್ಲ ಅಂತ ಅರ್ಥ ಅಲ್ಲ.

ಇಳಿಜಾರು ಗೊತ್ತಾಗೋದು ಹೇಗೆ? ನೊರೆಯ ಪಟ್ಟಿ ಅಗಲವಾಗಿದ್ದರೆ ಚಪ್ಪಟೆ. ಮರಳು ಮುಷ್ಟಿಯಲ್ಲಿ ಹಿಡಿಯಿರಿ. ರವೆಗಿಂತ ದಪ್ಪ ಇದ್ದರೆ ಅನುಮಾನ ಪಡಿ. ದಪ್ಪ ಮರಳಿನಲ್ಲಿ ನೀರು ಇಂಗಿಹೋಗುತ್ತದೆ, ವಾಪಸ್ ಹರಿಯುವ ನೀರಿಗೆ ಮರಳು ಎಳೆಯುವ ಬಲ ಇರೋದಿಲ್ಲ, ದಂಡೆ ಕಡಿದಾಗುತ್ತದೆ. ಮತ್ತೆ, ಮಳೆಗಾಲದ ಅಲೆ ಮರಳು ಎಳೆದು ದಂಡೆಯನ್ನು ಚಪ್ಪಟೆ ಮಾಡುತ್ತದೆ, ಬೇಸಿಗೆಯೊಳಗೆ ಸ್ವೆಲ್ ಅದನ್ನು ವಾಪಸ್ ತಂದು ಪೇರಿಸುತ್ತದೆ. ನಿಮ್ಮ ಅಣ್ಣ ದೀಪಾವಳಿಗೆ ಹೋಗಿ ಆಡಿಬಂದ ಬೀಚು ಏಪ್ರಿಲ್‌ನಲ್ಲಿ ಅದೇ ಬೀಚಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಅಲೆ ಬಾಗುವ ವಿಷಯ ಬೇಗ ಹೇಳುತ್ತೇನೆ. ಆಳ ಕಡಿಮೆ ಇರುವ ಕಡೆಯ ತುದಿ ನಿಧಾನವಾಗುತ್ತದೆ, ಆದ್ದರಿಂದ ಅಲೆ ಆ ಕಡೆ ತಿರುಗುತ್ತದೆ. ಸಮುದ್ರಕ್ಕೆ ಚಾಚಿದ ಗುಡ್ಡದ ಮೂತಿಗೆ ಎರಡೂ ಕಡೆಯಿಂದ ಹೊಡೆತ, ಕೊಲ್ಲಿಯ ಒಳಗೆ ಹಂಚಿಹೋಗಿ ಸೌಮ್ಯ. ಕಾರವಾರದ ಕೊಲ್ಲಿಗೆ ಗುಡ್ಡವೂ ಇದೆ, ಮುಂದೆ ದ್ವೀಪಗಳೂ ಇವೆ. ಅಲ್ಲಿ ನೋಡಿದ ಸಮುದ್ರವನ್ನು ನಂಬಿ ಗೋಕರ್ಣದ ತೆರೆದ ದಂಡೆಗೆ ಇಳಿಯಬೇಡಿ. ಇನ್ನೊಂದು: ನೊರೆಯ ನಡುವೆ ಒಂದು ಓಣಿ ಮಾತ್ರ ಶಾಂತವಾಗಿ ಕಂಡರೆ, ಅದು ಒಳಗೆ ಬಂದ ನೀರು ಹೊರಗೆ ಹೋಗುವ ದಾರಿ. ಅಲ್ಲಿ ಇಳಿಯಲೇಬೇಡಿ.

ಶುಕ್ರವಾರ ಬಸ್ಸಿಳಿದ ಮೇಲೆ ಯಾರೂ ನೀರಿಗೆ ಓಡೋದಿಲ್ಲ. ಇಪ್ಪತ್ತು ನಿಮಿಷ ಎತ್ತರದಲ್ಲಿ, ಒಣ ಮರಳಿನ ಮೇಲೆ ಕೂರುತ್ತೇವೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಹತ್ತು ನಿಮಿಷ ಏನೂ ಇಲ್ಲದೆ ಇರಬಹುದು, ಅದಕ್ಕೇ ಇಪ್ಪತ್ತು. ಹನ್ನೊಂದು ಅಲೆ ಎಣಿಸಿ, ಮೊದಲನೆಯದರಿಂದ ಹನ್ನೊಂದನೆಯದಕ್ಕೆ ಹಿಡಿದ ಹೊತ್ತನ್ನು ಹತ್ತರಿಂದ ಭಾಗಿಸೋಣ. ಹದಿನಾಲ್ಕು ದಾಟಿದರೆ ಆ ದಿನ ನೀರಿಗೆ ಇಳಿಯೋದಿಲ್ಲ. ಕೈಗಡಿಯಾರ ಇದ್ದವರು ತನ್ನಿ.